ಏಳನೇ ತರಗತಿಯ ಪೋಷಕರಿಗೆ: ಇಂಗ್ಲಿಷಿನಲ್ಲಿ ಅರ್ಧರ್ಧ ಅಂಕ ಹೋಗಿದ್ದು ಎಲ್ಲಿ?

ಪ್ರಿಯ ಪೋಷಕರೇ,

ನಮಸ್ಕಾರ. ಇಂಗ್ಲಿಷ್ ಉತ್ತರ ಪತ್ರಿಕೆ ಮನೆಗೆ ಬಂದ ಮೇಲೆ ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಕೇಳಿದಿರಿ: ‘ಉತ್ತರ ಸರಿಯಾಗೇ ಇದೆಯಲ್ಲ, ಅಂಕ ಯಾಕೆ ಕಳೆದಿದ್ದೀರಿ?’ ಪತ್ರಿಕೆಗಳನ್ನು ನಾನೂ ತಿರುವಿ ಹಾಕಿದೆ. ಹೆಚ್ಚಿನ ಮಕ್ಕಳು ಒಂದೇ ಜಾಗದಲ್ಲಿ ಜಾರಿದ್ದಾರೆ.

‘ನಿನ್ನ ಬಗ್ಗೆ ಬರೆ’ ಎಂಬ ಪ್ರಶ್ನೆಗೆ ತುಂಗಾ ಹೊಳೆ ದಡದ ಹುಡುಗನೊಬ್ಬ ‘ಐ ಆಮ್ ಗುಡ್ ಅಟ್ ಸ್ವಿಮ್’ ಅಂತ ಬರೆದಿದ್ದಾನೆ. ‘ಗುಡ್ ಅಟ್ ಸ್ವಿಮ್ಮಿಂಗ್’ ಆಗಬೇಕಿತ್ತು. ಅಟ್, ಇನ್, ಆಫ್, ಫಾರ್, ವಿದೌಟ್ ಇವನ್ನು ಪ್ರಿಪೊಸಿಷನ್ ಅನ್ನುತ್ತೇವೆ. ಇವುಗಳಾದ ಕೂಡಲೇ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಲೇಬೇಕು. ಆಗ ಅದು ವಾಕ್ಯದಲ್ಲಿ ಹೆಸರಿನ, ಅಂದರೆ ನಾಮಪದದ ಕೆಲಸ ಮಾಡುತ್ತದೆ. ಜೆರಂಡ್ ಅನ್ನುವುದು ಇದನ್ನೇ.

ಇದು ನಮಗೆ ಹೊಸದೇನಲ್ಲ. ‘ಈಜು’ ಎಂಬ ಕ್ರಿಯಾಪದಕ್ಕೆ ಸೀದಾ ‘ಅಲ್ಲಿ’ ಅಂಟಿಸುವುದಿಲ್ಲ ಅಲ್ವಾ? ಮೊದಲು ‘ಈಜುವುದು’ ಮಾಡಿಕೊಂಡು, ಆಮೇಲೆ ‘ಈಜುವುದರಲ್ಲಿ’ ಅನ್ನುತ್ತೇವೆ. ಮನೆಯಲ್ಲಿ ಮಗುವಿನಿಂದ ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ. ‘ಈಜೋದ್ರಲ್ಲಿ’, ‘ಓದೋದ್ರಿಂದ’ ಅಂತ ಬಂದರೆ ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ‘ಇಂಗ್’ ಇರುತ್ತದೆ. ಇಷ್ಟಕ್ಕೆ ನಿಮಗೆ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ.

ಆದರೆ ಎಲ್ಲ ಕಡೆಯೂ ಕನ್ನಡವನ್ನೇ ನಂಬಿಕೊಂಡರೆ ಆಗುವುದಿಲ್ಲ. ‘ಯಕ್ಷಗಾನ ಕಲಿಯಲು ಆಸಕ್ತಿ ಇದೆ’ ಅನ್ನುವುದು ನಮ್ಮಲ್ಲಿ ಸರಿ. ಅದನ್ನೇ ಮಕ್ಕಳು ‘ಇಂಟರೆಸ್ಟೆಡ್ ಟು ಲರ್ನ್’ ಮಾಡುತ್ತಾರೆ. ಆಸಕ್ತಿಯ ಮಾತಿಗೆ ‘ಇಂಟರೆಸ್ಟೆಡ್ ಇನ್ ಲರ್ನಿಂಗ್’ ಬೇಕು. (‘ಇಂಟರೆಸ್ಟೆಡ್ ಟು ಹಿಯರ್’ ಎಂಬ ಬಳಕೆಯೂ ಇದೆ. ಸುದ್ದಿಯೊಂದು ಕಿವಿಗೆ ಬಿದ್ದು ಕುತೂಹಲ ಹುಟ್ಟಿದಾಗ ಹಾಗನ್ನುತ್ತಾರೆ. ಸದ್ಯಕ್ಕೆ ಮಕ್ಕಳಿಗೆ ಅದು ಬೇಡ.) ಇನ್ನೊಬ್ಬಳು ‘ಕಡುಬು ತಿಂದ ಮೇಲೆ ಶಾಲೆಗೆ ಬಂದೆ’ ಅನ್ನುವುದಕ್ಕೆ ‘ಆಫ್ಟರ್ ಏಟ್ ಕಡುಬು’ ಎಂದು ಬರೆದಿದ್ದಾಳೆ. ‘ತಿಂದ’ ಆಗಿಹೋದ ಕೆಲಸ, ಹಾಗಾಗಿ ‘ಏಟ್’ ಹಾಕಿದ್ದಾಳೆ ಪಾಪ. ‘ಆಫ್ಟರ್ ಈಟಿಂಗ್ ಕಡುಬು’ ಸರಿ. ‘ಏಟ್’ ಉಳಿಸಿಕೊಳ್ಳಬೇಕೆಂದರೆ ನಡುವೆ ‘ಐ’ ಹಾಕಿ ‘ಆಫ್ಟರ್ ಐ ಏಟ್’ ಅನ್ನಬೇಕು.

ನಿಜವಾಗಿ ತಲೆ ತಿನ್ನುವುದು ‘ಟು’. ಗೆಳೆಯನಿಗೆ ಪತ್ರ ಬರೆಯುವ ಪ್ರಶ್ನೆಯಲ್ಲಿ ಚೆನ್ನಾಗಿ ಓದುವ ಮಕ್ಕಳೂ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಸೀ ಜೋಗ್ ಫಾಲ್ಸ್’ ಎಂದು ಬರೆದಿದ್ದಾರೆ. ‘ವಾಂಟ್ ಟು ಸೀ’ ಸರಿಯಾದರೆ ಇದು ಯಾಕೆ ತಪ್ಪು? ಎರಡೂ ‘ಟು’ ನೋಡಲು ಒಂದೇ, ಕೆಲಸ ಬೇರೆ. ಕ್ರಿಯಾಪದ ತೆಗೆದು ಅಲ್ಲಿ ಒಂದು ಹೆಸರು ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ದ ಹಾಲಿಡೇಸ್’ ಕೂರುತ್ತದೆ. ‘ವಾಂಟ್ ಟು ದ ಹಾಲಿಡೇಸ್’ ಕೂರುವುದಿಲ್ಲ. ಹೆಸರು ಕೂತ ಕಡೆ ‘ಟು’ ಪ್ರಿಪೊಸಿಷನ್, ಅಲ್ಲಿ ‘ಟು ಸೀಯಿಂಗ್’. ಕೂರದ ಕಡೆ ‘ಟು ಸೀ’.

‘ಯೂಸ್ಡ್ ಟು’ ಗೊಂದಲಕ್ಕೂ ಇದೇ ಮದ್ದು. ‘ಐ ಆಮ್ ಯೂಸ್ಡ್ ಟು ರೇನ್’ ಅಂದರೆ ನನಗೆ ಮಳೆ ರೂಢಿಯಾಗಿದೆ. ಹೆಸರು ಕೂತಿತು, ಹಾಗಾಗಿ ‘ಐ ಆಮ್ ಯೂಸ್ಡ್ ಟು ವಾಕಿಂಗ್ ಇನ್ ದ ರೇನ್’. ‘ಆಮ್’ ಇಲ್ಲದೆ ‘ಐ ಯೂಸ್ಡ್ ಟು ವಾಕ್’ ಅಂದರೆ ಮೊದಲು ನಡೆದು ಬರುತ್ತಿದ್ದೆ, ಈಗ ಬಸ್ಸಿದೆ ಅನ್ನುವಂಥ ಅರ್ಥ. ಒಂದು ‘ಆಮ್’ ಬಿಟ್ಟರೆ ಅರ್ಥವೇ ಬೇರೆಯಾಗುತ್ತದೆ.

ಕೊನೆಯದು, ಸಣ್ಣದು. ‘ಇಂಗ್’ ಪದ ವಾಕ್ಯದ ಶುರುವಿನಲ್ಲಿ ಕರ್ತೃವಾಗಿಯೂ ಬರುತ್ತದೆ. ‘ಪೀಲಿಂಗ್ ಅರೆಕಾನಟ್ಸ್ ಆರ್ ಹಾರ್ಡ್ ವರ್ಕ್’ ಎಂದು ಬರೆದವರು ಜಾಸ್ತಿ. ಅಡಿಕೆ ಎಷ್ಟೇ ಇರಲಿ, ಕಷ್ಟದ ಕೆಲಸ ಅಂದಿದ್ದು ಸುಲಿಯುವುದನ್ನು. ಅದು ಒಂದೇ ಕೆಲಸ, ಆದ್ದರಿಂದ ‘ಈಸ್’.

ನಿಯಮ ಬಾಯಿಪಾಠ ಮಾಡಿಸಬೇಡಿ. ಕೆಂಪು ಗೆರೆ ಬಿದ್ದ ವಾಕ್ಯಗಳನ್ನು ಮಾತ್ರ ತಿದ್ದಿ ಬರೆಸಿ, ಹೆಸರು ಇಟ್ಟು ನೋಡಿದ್ದನ್ನೂ ಪಕ್ಕದಲ್ಲೇ ಬರೆಯಲಿ. ಕೊನೆ ಕೊಯ್ಲಿನ ಸಮಯ, ನಿಮಗೆ ಪುರುಸೊತ್ತಿಲ್ಲ ಎಂದು ಗೊತ್ತು. ಅಡಿಕೆ ಸುಲಿಯುತ್ತಲೇ ಬಾಯಲ್ಲಿ ಹೇಳಿಸಿದರೂ ಸಾಕು. ಪತ್ರಿಕೆಗೆ ಸಹಿ ಹಾಕಿ ಸೋಮವಾರ ಕಳಿಸಿಕೊಡಿ. ತಿದ್ದಿದ ವಾಕ್ಯಗಳನ್ನು ಇಂಗ್ಲಿಷ್ ಟೀಚರ್ ಇನ್ನೊಮ್ಮೆ ನೋಡುತ್ತಾರೆ.

ಇಂತಿ,
ಮುಖ್ಯ ಶಿಕ್ಷಕಿ
ತೀರ್ಥಹಳ್ಳಿ ತಾಲ್ಲೂಕು