ಔಸ್‌ಫಾರ್ಟ್ ಎಂಬ ಊರು ಎಲ್ಲಿದೆ?

ಚಿ. ನಂದಿತಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ರೈಲಿನಲ್ಲಿ ಹೈಡೆಲ್‌ಬರ್ಗ್‌ಗೆ ಹೋಗುತ್ತೀಯೆ ಎಂದು ನಿನ್ನ ಅಮ್ಮ ಹೇಳಿದಳು. ಚಳಿಗೆ ಉಡುಪು, ಚಟ್ನಿಪುಡಿ ಎಲ್ಲವನ್ನೂ ಅವಳು ನೋಡಿಕೊಳ್ಳುತ್ತಾಳೆ. ದಾರಿಯ ಫಲಕಗಳ ವಿಷಯ ಮಾತ್ರ ನಾನು ಹೇಳಬೇಕು. ಅವುಗಳಿಂದ ಪೇಚಿಗೆ ಸಿಕ್ಕಿದವನು ನಮ್ಮ ಮನೆಯಲ್ಲಿ ನಾನೊಬ್ಬನೇ.

ಮೊದಲ ಸಲ ಅಲ್ಲಿನ ಹೆದ್ದಾರಿಯಲ್ಲಿ ಸಹೋದ್ಯೋಗಿಯ ಕಾರಿನಲ್ಲಿ ಕುಳಿತಿದ್ದಾಗ ಹತ್ತು ನಿಮಿಷಕ್ಕೊಮ್ಮೆ ಔಸ್‌ಫಾರ್ಟ್ ಎಂಬ ನೀಲಿ ಫಲಕ ಕಾಣುತ್ತಿತ್ತು. ಎಷ್ಟು ದೂರ ಹೋದರೂ ಮುಗಿಯದ ಈ ಊರು ಬಹಳ ದೊಡ್ಡದಿರಬೇಕು ಎಂದುಕೊಂಡು ಸುಮ್ಮನಿದ್ದೆ. ಅದು ಊರಲ್ಲ, ವಾಹನಗಳು ಹೆದ್ದಾರಿಯಿಂದ ಹೊರಬೀಳುವ ದಾರಿ. ಆ ದಾರಿಯ ಹೆಸರು ಸಾವಿರ ಮೀಟರ್ ಮೊದಲೇ ಬೇರೆ ದೊಡ್ಡ ಫಲಕದಲ್ಲಿ ಬಂದಿರುತ್ತದೆ. ಆಮೇಲೆ ಮುನ್ನೂರು, ಇನ್ನೂರು, ನೂರು ಮೀಟರ್‌ಗಳಲ್ಲಿ ಮೂರು, ಎರಡು, ಒಂದು ಓರೆಪಟ್ಟೆಗಳ ಕಂಬಗಳು ಬರುತ್ತವೆ. ಔಸ್‌ಫಾರ್ಟ್ ಎಂಬ ಪದ ಇರುವುದು ದಾರಿ ಕವಲೊಡೆಯುವ ಕೊನೆಯ ಜಾಗದಲ್ಲಿ. ಅದನ್ನು ಓದಿದ ಮೇಲೆ ಊರು ಯಾವುದೆಂದು ಯೋಚಿಸಲು ಹೊತ್ತಿರುವುದಿಲ್ಲ.

ಜರ್ಮನ್ ಪದ ಉದ್ದವಾಗಿದೆಯೆಂದು ಹೆದರಬೇಡ. ಶಾಲೆಯಲ್ಲಿ ಸಮಾಸ ಬಿಡಿಸುತ್ತಿದ್ದೆಯಲ್ಲ, ಹಾಗೆ ಬಿಡಿಸು. ಔಸ್ ಎಂದರೆ ಹೊರಗೆ. ಫಾರ್ಟ್ ಎಂದರೆ ಗಾಲಿಯ ಮೇಲೆ ಹೋಗುವುದು. ಕಾಲಿನಲ್ಲಿ ನಡೆದು ಹೋಗುವುದಕ್ಕೆ ಗಾಂಗ್. ನಮ್ಮಲ್ಲಿ ಎರಡಕ್ಕೂ 'ಹೊರದಾರಿ' ಎಂದರೆ ಸಾಕು, ಅವರಿಗೆ ಸಾಲದು. ಆದ್ದರಿಂದ ನಿಲ್ದಾಣದಿಂದ ಪೆಟ್ಟಿಗೆ ಎಳೆದುಕೊಂಡು ಹೊರಬರುವ ನಿನಗೆ ಬೇಕಾದುದು ಔಸ್‌ಗಾಂಗ್, ಔಸ್‌ಫಾರ್ಟ್ ಅಲ್ಲ. ಎರಡನೆಯದನ್ನು ಹಿಡಿದು ಹೋದರೆ ವಾಹನ ನಿಲ್ದಾಣದ ಇಳಿಜಾರಿನಲ್ಲಿ ಕಾರುಗಳ ಎದುರು ನಿಂತಿರುತ್ತೀಯೆ.

ಸಮಾಸ ಬಿಡಿಸುವಾಗ ಒಂದು ಎಡವಟ್ಟು ಇದೆ. ಐನ್‌ಫಾರ್ಟ್‌ನಲ್ಲಿ ಐನ್ ಎಂದರೆ ಒಳಗೆ, ಅಂದರೆ ವಾಹನಗಳ ಒಳದಾರಿ. ಐನ್‌ಬಾನ್‌ಷ್ಟ್ರಾಸೆಯಲ್ಲಿ ಅದೇ ಐನ್ 'ಒಂದು' ಆಗುತ್ತದೆ. ಬಾನ್ ಎಂದರೆ ಪಥ, ಷ್ಟ್ರಾಸೆ ಎಂದರೆ ರಸ್ತೆ; ಒಟ್ಟಿಗೆ ಏಕಮುಖ ಸಂಚಾರದ ರಸ್ತೆ. ನೀಲಿ ಆಯತದಲ್ಲಿ ಬಿಳಿ ಬಾಣ, ಬಾಣದೊಳಗೆ ಈ ಪದ. ಅದು ಬೀದಿಯ ಹೆಸರಲ್ಲವಾದ್ದರಿಂದ ವಿಳಾಸವೆಂದು ಬರೆದುಕೊಳ್ಳಬೇಡ.

ಇನ್ನು ರೈಲು. ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣಗಳಿವೆ. ಒಂದರಿಂದ ಮೂರರವರೆಗಿನ ಗ್ಲೈಸ್ ಹತ್ತಿರದ ಊರುಗಳ ರೈಲುಗಳಿಗೆ. ನಾಲ್ಕರಿಂದ ಏಳರವರೆಗಿನವು ದೂರದವುಗಳಿಗೆ. ಫೆರ್ನ್ ಎಂದರೆ ದೂರ, ಬಾನ್‌ಹೋಫ್ ಎಂದರೆ ರೈಲು ನಿಲ್ದಾಣ. ನೀನು ಹುಡುಕಬೇಕಾದುದು ಫೆರ್ನ್‌ಬಾನ್‌ಹೋಫ್. ಗ್ಲೈಸ್‌ನ ನಿಜವಾದ ಅರ್ಥ ಹಳಿ. ನಾವು ಪ್ಲಾಟ್‌ಫಾರ್ಮ್ ಸಂಖ್ಯೆ ಹೇಳುವಲ್ಲಿ ಅವರು ಹಳಿಯ ಸಂಖ್ಯೆ ಹೇಳುತ್ತಾರೆ. ಒಂದೇ ಜಗಲಿಯ ಎಡಕ್ಕೆ ನಾಲ್ಕು, ಬಲಕ್ಕೆ ಐದು ಇದ್ದೀತು. ಜಗಲಿಗೆ ಬಂದ ಮೇಲೆ ಯಾವ ಕಡೆ ಮುಖ ಮಾಡಬೇಕು ಎಂಬುದನ್ನು ನೋಡಿಯೇ ನಿಲ್ಲು.

ಹಳದಿ ಕಾಗದದ ದೊಡ್ಡ ಪಟ್ಟಿ ಹೊರಡುವ ರೈಲುಗಳದು, ಮೇಲೆ ಆಪ್‌ಫಾರ್ಟ್ ಎಂದಿರುತ್ತದೆ. ಬಿಳಿಯದು ಕಂಡರೆ ಅದು ಬರುವ ರೈಲುಗಳದು. ಅವಸರದಲ್ಲಿ ಬಿಳಿಯದನ್ನು ಓದಿ, 'ನನ್ನ ಊರೇ ಇಲ್ಲವಲ್ಲ' ಎಂದು ಗಾಬರಿಯಾದವರನ್ನು ನೋಡಿದ್ದೇನೆ. ಕಾಗದ ಹೇಳುವುದು ತಿಂಗಳುಗಳ ಮೊದಲೇ ಮಾಡಿದ ಏರ್ಪಾಟನ್ನು. ಆ ದಿನದ ಸತ್ಯ ನೀಲಿ ಪರದೆಯ ಮೇಲಿರುತ್ತದೆ. ಅಲ್ಲಿ `heute Gleis 6` ಎಂದು ಬಂದರೆ ಇವತ್ತು ಆರನೆಯ ಹಳಿ ಎಂದರ್ಥ. ಕಾಗದದ ಮಾತನ್ನು ಬಿಡು. `fällt aus` ಎಂದು ಬಂದರೆ ಔಸ್ ಕಂಡಿತೆಂದು ಹೊರದಾರಿ ಹುಡುಕಬೇಡ. ಆ ರೈಲು ರದ್ದಾಗಿದೆ. `ca. 20 Minuten später` ಎಂದರೆ ಸುಮಾರು ಇಪ್ಪತ್ತು ನಿಮಿಷ ತಡ. ಅದು ಬಹಳ ಸಲ ಕಾಣುತ್ತದೆ. ಜರ್ಮನ್ ರೈಲಿನ ಸಮಯಪಾಲನೆಯ ಬಗ್ಗೆ ನಮ್ಮಲ್ಲಿರುವ ಕಥೆಗಳನ್ನು ಇಲ್ಲೇ ಬಿಟ್ಟು ಹೋಗು.

ಮಾನ್‌ಹೈಮ್‌ನಲ್ಲಿ ನೀನು ರೈಲು ಬದಲಿಸಬೇಕಾಗಬಹುದು. ಅಲ್ಲಿ ಎಸ್-ಬಾನ್ ಎಂಬ ಸ್ಥಳೀಯ ರೈಲಿನ ಮುಖದ ಮೇಲೆ ಓಸ್ಟರ್‌ಬುರ್ಕನ್ ಎಂದು ಬರೆದಿದ್ದರೆ ಬಿಟ್ಟುಬಿಡಬೇಡ. ಅದು ಕೊನೆಯ ನಿಲ್ದಾಣದ ಹೆಸರು. ಹೈಡೆಲ್‌ಬರ್ಗ್ ನಡುವೆ ಬರುತ್ತದೆ. ಪರದೆಯಲ್ಲಿ `über` ಎಂಬ ಪದದ ಮುಂದೆ ಹುಡುಕು. ಅದು ನಮ್ಮ 'ಮಾರ್ಗವಾಗಿ'.

ಈಗ ನನ್ನ ಪೇಚಿನ ಕಥೆ. ಬರ್ಲಿನ್‌ನಿಂದ ವೂಪರ್‌ಟಾಲ್‌ಗೆ ಹೋಗಬೇಕಿತ್ತು. ರೈಲು ಸರಿ, ಗ್ಲೈಸ್ ಸರಿ, ಸಮಯವೂ ಸರಿ. ಹತ್ತಿ, ಖಾಲಿ ಸೀಟು ಹಿಡಿದು, ಬುತ್ತಿಯ ಬ್ರೆಡ್ ತಿಂದು ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಡಾರ್ಟ್‌ಮುಂಡ್. ನನ್ನ ದಾರಿಯಲ್ಲಿ ಆ ಊರೇ ಬರಬಾರದಿತ್ತು. ಆದದ್ದು ಇಷ್ಟು: ಆ ರೈಲು ಎರಡು ರೈಲುಗಳನ್ನು ಬೆಸೆದದ್ದು. ಹಾಮ್ ಎಂಬ ನಿಲ್ದಾಣದಲ್ಲಿ ಅವು ಬೇರೆಯಾಗುತ್ತವೆ. ಒಂದು ಭಾಗ ಹಾಗನ್, ವೂಪರ್‌ಟಾಲ್ ದಾರಿಯಲ್ಲಿ ಕಲೋನ್ ಕಡೆಗೆ ಹೋಗುತ್ತದೆ. ಇನ್ನೊಂದು ಡಾರ್ಟ್‌ಮುಂಡ್, ಎಸ್ಸೆನ್, ಡ್ಯೂಸೆಲ್ಡಾರ್ಫ್ ಕಡೆಗೆ. ಅವಿಭಕ್ತ ಕುಟುಂಬದ ಪಾಲಾಗುವಾಗ ನಾನು ಇನ್ನೊಬ್ಬರ ಪಾಲಿನ ಕೋಣೆಯಲ್ಲಿ ಮಲಗಿದ್ದೆ. ಡಾರ್ಟ್‌ಮುಂಡ್‌ನಿಂದ ಹಾಗನ್‌ಗೆ ಸ್ಥಳೀಯ ರೈಲು, ಅಲ್ಲಿಂದ ವೂಪರ್‌ಟಾಲ್‌ಗೆ ಇನ್ನೊಂದು. ಬೆಳಗಿನ ಸಭೆಗೆ ಮಧ್ಯಾಹ್ನ ತಲುಪಿದೆ.

ಇದು ತಪ್ಪಬೇಕಾದರೆ ನೋಡಬೇಕಾದುದು ಅಕ್ಷರ. ಜಗಲಿಯ ಉದ್ದಕ್ಕೂ ಎ, ಬಿ, ಸಿ ಎಂದು ಫಲಕಗಳು ತೂಗುತ್ತಿರುತ್ತವೆ. ಅವಕ್ಕೆ ಆಪ್‌ಷ್ನಿಟ್ ಎನ್ನುತ್ತಾರೆ, ಅಂದರೆ ಭಾಗ. ಬೆಸೆದ ರೈಲಾದರೆ ಪರದೆಯಲ್ಲಿ ಎರಡು ಊರುಗಳ ಹೆಸರು, ಪ್ರತಿಯೊಂದಕ್ಕೂ ಅದರ ಅಕ್ಷರಗಳು ಇರುತ್ತವೆ. ಬೋಗಿಗಳ ಸಂಖ್ಯೆಯೂ ಬೇರೆ: ಒಂದು ಅರ್ಧದಲ್ಲಿ ಇಪ್ಪತ್ತರ ಸಾಲು, ಇನ್ನೊಂದರಲ್ಲಿ ಮೂವತ್ತರ ಸಾಲು. ಹತ್ತುವಾಗ ಬಾಗಿಲ ಪಕ್ಕದ ಪುಟ್ಟ ಪರದೆಯಲ್ಲಿ ಆ ಬೋಗಿಯ ಗುರಿ ಬರೆದಿರುತ್ತದೆ. ಇಡೀ ರೈಲಿನದಲ್ಲ, ಆ ಬೋಗಿಯದು. ತಡವಾಗಿ ಓಡಿ ಬಂದು ಯಾವುದೋ ಬಾಗಿಲಿಗೆ ಹತ್ತಿದರೆ ಒಳಗೊಳಗೇ ನಡೆದು ನಿನ್ನ ಭಾಗ ಸೇರಿಕೊಳ್ಳುತ್ತೇನೆ ಎಂದುಕೊಳ್ಳಬೇಡ. ಎರಡು ಅರ್ಧಗಳ ನಡುವೆ ಚಾಲಕರ ಕೋಣೆಗಳು ಮೂಗಿಗೆ ಮೂಗು ತಾಗಿಸಿ ನಿಂತಿರುತ್ತವೆ, ಒಳಗಿನಿಂದ ದಾಟಲು ದಾರಿಯಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಓಡಬೇಕು.

ಹೈಡೆಲ್‌ಬರ್ಗ್ ತಲುಪಿದ ಮೇಲೆ ಮತ್ತೆ ಆ ಐನ್‌ಬಾನ್‌ಷ್ಟ್ರಾಸೆಯ ಮಾತು. ಏಕಮುಖ ರಸ್ತೆಯಲ್ಲವೇ ಎಂದು ಒಂದೇ ಕಡೆ ನೋಡಿ ದಾಟಬೇಡ. ರಸ್ತೆಯ ಇನ್ನೊಂದು ತುದಿಯಲ್ಲಿ ಕೆಂಪು ವೃತ್ತದೊಳಗೆ ಬಿಳಿ ಅಡ್ಡಪಟ್ಟಿ ಇರುತ್ತದೆ, ಪ್ರವೇಶವಿಲ್ಲ ಎಂದು. ಅದರ ಕೆಳಗೆ ಸೈಕಲ್ಲಿನ ಚಿತ್ರ ಮತ್ತು ಫ್ರೈ ಎಂಬ ಪದ ಇದ್ದರೆ ಸೈಕಲ್ಲಿನವರಿಗೆ ಆ ನಿಷೇಧವಿಲ್ಲ. ಫ್ರೈ ಎಂದರೆ ಬಿಟ್ಟಿ ಎಂದಲ್ಲ, ವಿನಾಯಿತಿ ಎಂದು. ಅವರು ಬಾಣದ ಎದುರು ದಿಕ್ಕಿನಿಂದ, ಸದ್ದಿಲ್ಲದೆ, ಒಳ್ಳೆಯ ವೇಗದಲ್ಲಿ ಬರುತ್ತಾರೆ. ಹಕ್ಕು ಅವರದೇ ಆದ್ದರಿಂದ ಗಂಟೆಯನ್ನೂ ಸ್ವಲ್ಪ ಸಿಟ್ಟಿನಿಂದಲೇ ಬಾರಿಸುತ್ತಾರೆ.

ಟಿಕೆಟ್ ತೆಗೆಸಿದ ಮೇಲೆ ರೈಲಿನ ಸಂಖ್ಯೆ ಮತ್ತು ಬೋಗಿಯ ಸಂಖ್ಯೆ ನನಗೆ ಬರೆದು ಕಳುಹಿಸು. ಬೆಸೆದ ರೈಲೋ ಅಲ್ಲವೋ ನಾನೂ ಒಮ್ಮೆ ನೋಡಿಬಿಡುತ್ತೇನೆ.

ಇಂತಿ ನಿನ್ನ
ಮಾವ