ಅಂಗಿಯ ತೋಳು ಮಡಚಿದಂತೆ ತಿದ್ದಿಕೊಟ್ಟ ಚಿತ್ರದ ನ್ಯೂನತೆಗಳ ಕುರಿತು ದೂರು

ಇಂದ:
ಮಾಲೀಕರು, ಛಾಯಾಚಿತ್ರ ಸ್ಟುಡಿಯೋ,
ಕುಂಬಳೆ, ಕಾಸರಗೋಡು ಜಿಲ್ಲೆ.

ಗೆ:
ವ್ಯವಸ್ಥಾಪಕರು,
ಚಿತ್ರ ತಿದ್ದುಪಡಿ ಸೇವಾ ವಿಭಾಗ.

ವಿಷಯ: ಜವಳಿ ಅಂಗಡಿಯ ವಿಷು ಜಾಹೀರಾತಿನ ಚಿತ್ರದಲ್ಲಿ ತೋಳಿನ ಮಡಿಕೆ ಮತ್ತು ಮುಂಗೈ ಚರ್ಮವನ್ನು ತಪ್ಪಾಗಿ ರಚಿಸಿರುವುದು.

ಮಾನ್ಯರೇ,

ಕಾಸರಗೋಡಿನ ಜವಳಿ ಅಂಗಡಿಯೊಂದರ ಜಾಹೀರಾತಿಗಾಗಿ ನಾನು ತೆಗೆದ ಚಿತ್ರವನ್ನು ತಿದ್ದುವ ಕೆಲಸವನ್ನು ತಮ್ಮ ಸಂಸ್ಥೆಗೆ ಒಪ್ಪಿಸಿದ್ದೆ. ಚಿತ್ರದಲ್ಲಿರುವ ಯುವಕ ಅಂಗಡಿಯವರ ಸೋದರಳಿಯ. ಹಳೆಯ ಮನೆಯೊಂದರ ಮುರಕಲ್ಲಿನ ಗೋಡೆಯ ಮುಂದೆ, ನೀಲಿ ಪಟ್ಟೆಗಳ ಪೂರ್ಣತೋಳಿನ ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಟ್ಟು, ಬಲಗೈಯನ್ನು ಇಳಿಬಿಟ್ಟು, ಎಡಗೈಯನ್ನು ಜೇಬಿನಲ್ಲಿಟ್ಟು ಆತ ನಿಂತಿದ್ದಾನೆ. ತೋಳು ಮಡಚಿ ಇನ್‌ಶರ್ಟ್ ಮಾಡಿದ ರೂಪವೇ ಬೇಕೆಂದು ಅಂಗಡಿಯವರು ಆಮೇಲೆ ನಿರ್ಧರಿಸುವ ಹೊತ್ತಿಗೆ ಆತ ರಜೆ ಮುಗಿಸಿ ಗಲ್ಫಿಗೆ ಮರಳಿದ್ದರಿಂದ, ಮತ್ತೆ ನಿಲ್ಲಿಸಿ ಚಿತ್ರ ತೆಗೆಯುವ ದಾರಿ ಇರಲಿಲ್ಲ. ಆದ್ದರಿಂದಲೇ ಈ ಕೆಲಸ ತಮ್ಮಲ್ಲಿಗೆ ಬಂದಿತು.

ಮೂಲ ಚಿತ್ರದ ಜೊತೆಗೆ ಎರಡು ಬಗೆಯ ಆಧಾರ ಚಿತ್ರಗಳನ್ನು ನಾನು ಕಳುಹಿಸಿದ್ದೆ. ಮೊದಲನೆಯವು, ಅದೇ ಸಂಜೆ ಅದೇ ಗೋಡೆಯ ಮುಂದೆ ಅದೇ ಯುವಕನನ್ನು ಅರ್ಧತೋಳಿನ ಅಂಗಿಯಲ್ಲಿ ತೆಗೆದ ಚಿತ್ರಗಳು. ಅವುಗಳಲ್ಲಿ ಆತನ ಮುಂಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಸ್ಪಷ್ಟವಾಗಿ ಕಾಣುತ್ತದೆ. ಎರಡನೆಯದು, ಅಂಗಡಿಯಲ್ಲಿದ್ದ ಅದೇ ನಮೂನೆಯ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸಿ, ತೋಳನ್ನು ಮೂರು ಸುತ್ತು ಮಡಚಿಸಿ, ಅದೇ ಎತ್ತರದಲ್ಲಿ ಕ್ಯಾಮೆರಾ ಇಟ್ಟು ತೆಗೆದ ಚಿತ್ರ. ಇವೆರಡನ್ನೂ ತಮ್ಮವರು ಬಳಸಿಲ್ಲ ಎಂಬುದು ತಾವು ಕಳುಹಿಸಿದ ಪದರಗಳಿರುವ ಕಡತವನ್ನು ತೆರೆದ ಕೂಡಲೇ ತಿಳಿಯುತ್ತದೆ, ಏಕೆಂದರೆ ನನ್ನ ಚಿತ್ರಗಳಿಂದ ತೆಗೆದ ಒಂದು ತುಣುಕೂ ಅದರಲ್ಲಿಲ್ಲ.

ಮೊದಲು ಬಟ್ಟೆಯ ವಿಷಯ. ಈ ಅಂಗಿಯ ಕಫ್ ಆರೂವರೆ ಸೆಂಟಿಮೀಟರ್ ಅಗಲವಿದೆ. ಕಫ್‌ನಷ್ಟೇ ಅಗಲಕ್ಕೆ ಒಂದು ಸುತ್ತು ಮಡಚಿದರೆ ತೋಳಿನ ಅಂಚು ಆರೂವರೆ ಸೆಂಟಿಮೀಟರ್ ಮೇಲೇರುತ್ತದೆ. ಮೂರು ಸುತ್ತಿಗೆ ಅದು ಮಣಿಕಟ್ಟಿನಿಂದ ಸುಮಾರು ಹತ್ತೊಂಬತ್ತೂವರೆ ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ, ಮಡಿಕೆಯ ಪಟ್ಟಿಯ ಮೇಲಂಚು ಮೊಣಕೈಯ ಹತ್ತಿರಕ್ಕೆ ಬರುತ್ತದೆ. ಅಷ್ಟು ಬಟ್ಟೆ ಮಾಯವಾಗುವುದಿಲ್ಲ, ಪಟ್ಟಿಯೊಳಗೆ ಒಂದರ ಮೇಲೊಂದು ಕೂರುತ್ತದೆ. ಮೂರು ಸುತ್ತಾದಾಗ ಅಲ್ಲಿ ನಾಲ್ಕು ಪದರ ಬಟ್ಟೆ ಇರುತ್ತದೆ, ನಡುವೆ ಗಟ್ಟಿಯಾದ ಕಫ್ ಸೇರಿರುತ್ತದೆ. ಆದ್ದರಿಂದ ಪಟ್ಟಿ ತುಸು ಉಬ್ಬಿ, ಚರ್ಮದಿಂದ ದೂರ ನಿಂತು, ಕೆಳಗೆ ನೆರಳು ಬೀಳಿಸಬೇಕು. ತಮ್ಮವರು ಮಾಡಿರುವುದು ತೋಳನ್ನು ಮೊಣಕೈಯ ಕೆಳಗೆ ಕತ್ತರಿಸಿ ಒಂದು ಗೆರೆ ಎಳೆಯುವ ಕೆಲಸ. ಅದು ಮಡಚಿದ ತೋಳಲ್ಲ, ದರ್ಜಿ ಹೊಲಿದು ಮುಗಿಸಿದ ಮುಕ್ಕಾಲು ತೋಳು.

ಆ ಗೆರೆಯ ಮೇಲೆ ಕಫ್‌ನ ಗುಂಡಿಯನ್ನು ಹೊರಮುಖವಾಗಿ ಅಂಟಿಸಿರುವುದು ಇನ್ನೂ ವಿಚಿತ್ರವಾಗಿದೆ. ತೋಳನ್ನು ಹೊರಕ್ಕೆ ಮಡಚಿದಾಗ ಕಾಣುವುದು ಯಾವಾಗಲೂ ಬಟ್ಟೆಯ ಒಳಮೈ. ಎರಡನೆಯ ಸುತ್ತಿಗೇ ಕಫ್ ಮತ್ತು ಗುಂಡಿ ಸುರುಳಿಯ ಒಳಗೆ ಅಡಗುತ್ತವೆ. ಕಫ್‌ನ ಅಂಚನ್ನು ಬೇಕೆಂದೇ ಮೇಲೆ ಇಣುಕಲು ಬಿಡುವ ಇನ್ನೊಂದು ರೀತಿಯ ಮಡಿಕೆಯೂ ಇದೆ, ಆದರೆ ಅದರಲ್ಲಿಯೂ ಕಾಣುವುದು ಕಫ್‌ನ ಒಳಮೈಯೇ. ನಮ್ಮ ಅಂಗಿಯ ಪಟ್ಟೆಗಳು ನೇಯ್ದವಲ್ಲ, ಬಿಳಿ ಹತ್ತಿಯ ಮೇಲೆ ಅಚ್ಚು ಹಾಕಿದವು. ಒಳಮೈಯಲ್ಲಿ ಆ ನೀಲಿ ಬಹಳ ಪೇಲವವಾಗಿ ಕಾಣುತ್ತದೆ, ಆದ್ದರಿಂದ ಮಡಿಕೆಯ ಪಟ್ಟಿ ಉಳಿದ ತೋಳಿಗಿಂತ ತಿಳಿಯಾಗಿರಬೇಕಿತ್ತು. ತಮ್ಮ ಚಿತ್ರದಲ್ಲಿ ಹೊರಮೈಯ ಗಾಢ ನೀಲಿಯೇ ಇದೆ. ಸಾಲದ್ದಕ್ಕೆ ಪಟ್ಟೆಗಳು ತೋಳಿನ ಸುತ್ತ ಬಳೆಯಂತೆ ಅಡ್ಡಲಾಗಿ ಓಡುತ್ತವೆ. ಬಟ್ಟೆಯನ್ನು ತೋಳಿನ ಉದ್ದಕ್ಕೇ ಮೇಲಕ್ಕೆ ಮಗುಚುವುದರಿಂದ ಉದ್ದ ಪಟ್ಟೆ ಮಡಿಕೆಯಲ್ಲೂ ಉದ್ದವಾಗಿಯೇ ಉಳಿಯುತ್ತದೆ, ಮೇಲಿನ ಪಟ್ಟೆಗಳೊಂದಿಗೆ ಕೂದಲೆಳೆಯಷ್ಟು ಸರಿದಿರಬಹುದು ಅಷ್ಟೆ. ಅಂಗಿ ಮಾರುವ ಅಂಗಡಿಯವರು ಈ ತಪ್ಪನ್ನು ನನಗಿಂತ ಮೊದಲು ಗುರುತಿಸಿದರು ಎಂದರೆ ತಮಗೆ ಆಶ್ಚರ್ಯವಾಗಬೇಕಿಲ್ಲ.

ಮಡಿಕೆಯ ಕೆಳ ಅಂಚಿನ ಬಾಗುವಿಕೆಯೂ ತಪ್ಪಾಗಿದೆ. ನನ್ನ ಕ್ಯಾಮೆರಾ ಎದೆಯ ಎತ್ತರದಲ್ಲಿತ್ತು, ಅಂಚು ಅದಕ್ಕಿಂತ ಕೆಳಗಿತ್ತು. ಹಾಗಿರುವಾಗ ನಮ್ಮ ಕಡೆಯ ಅಂಚು ಕೆಳಮುಖವಾಗಿ ಬಾಗಿ ಕಾಣಬೇಕು, ತೋಳಿನ ಒಳಗಿನ ಪೊಳ್ಳು ಕಾಣಬಾರದು. ತಮ್ಮ ಚಿತ್ರದಲ್ಲಿ ಅಂಚು ಮೇಲಕ್ಕೆ ಬಾಗಿ, ಕಪ್ಪು ಬಾಯಿ ತೆರೆದುಕೊಂಡಿದೆ. ನೆಲದ ಮೇಲೆ ಮಲಗಿ ನೋಡಿದವನಿಗೆ ಮಾತ್ರ ಹಾಗೆ ಕಂಡೀತು. ಅದರ ಮೇಲ್ಭಾಗದ ತೋಳಿನಲ್ಲಿ, ಕೈ ಪೂರ್ತಿ ಮುಚ್ಚಿದ್ದಾಗ ಮೊಣಕೈಯಿಂದ ಮಣಿಕಟ್ಟಿನ ಕಡೆಗೆ ಇಳಿಯುತ್ತಿದ್ದ ನೆರಿಗೆಗಳನ್ನು ಹಾಗೆಯೇ ಬಿಡಲಾಗಿದೆ. ಆ ನೆರಿಗೆಗಳು ಇಳಿದು ಸೇರಬೇಕಾದ ಬಟ್ಟೆಯೇ ಈಗ ಇಲ್ಲ. ಮಡಚಿದ ಪಟ್ಟಿ ಕೆಳಗಿನಿಂದ ಒತ್ತುವುದರಿಂದ ಅಲ್ಲಿ ಬಟ್ಟೆ ಸಡಿಲವಾಗಿ ಗುಪ್ಪೆಗೂಡಿ, ಅಡ್ಡ ನೆರಿಗೆಗಳಾಗಿ ಪಟ್ಟಿಯ ಮೇಲೆ ಕೂತಿರಬೇಕಿತ್ತು. ನಾನು ಕಳುಹಿಸಿದ ಆಧಾರ ಚಿತ್ರದಲ್ಲಿ ಅದು ಇದ್ದ ಹಾಗೆಯೇ ಇದೆ.

ಇನ್ನು ಹೊಸದಾಗಿ ತೆರೆದುಕೊಂಡ ಮುಂಗೈ. ಮೂಲ ಚಿತ್ರದಲ್ಲಿ ಕೈ ಸಹಜವಾಗಿ ಇಳಿಬಿದ್ದಿದೆ, ಅಂಗೈ ತೊಡೆಯ ಕಡೆಗಿದೆ, ಹೆಬ್ಬೆರಳು ನಮ್ಮ ಕಡೆಗಿದೆ. ಆ ಭಂಗಿಯಲ್ಲಿ ಕಾಣಬೇಕಾದುದು ಮುಂಗೈಯ ಹೆಬ್ಬೆರಳ ಬದಿ, ಜೊತೆಗೆ ಬೆಳಕು ಬೀಳುವ ಕಡೆ ರೋಮವಿರುವ ಹೊರಮೈಯ ಒಂದು ಭಾಗ. ತಮ್ಮವರು ಅಲ್ಲಿಗೆ ತಂದು ಜೋಡಿಸಿರುವುದು ಬೇರೆ ಯಾರದೋ ಮುಂಗೈಯ ಒಳಮೈ: ನುಣುಪಾದ, ಬಿಳಿಚಿದ, ನೀಲಿ ನರಗಳು ಕಾಣುವ ಚರ್ಮ. ಅಂಗೈಯನ್ನು ಮುಂದಕ್ಕೆ ತಿರುಗಿಸಿದಾಗ ಮಾತ್ರ ಅದು ಎದುರಿಗೆ ಬರುತ್ತದೆ. ಹೀಗಾಗಿ ಕೈ ಮಣಿಕಟ್ಟಿನಲ್ಲಿ ತಿರುಚಿಕೊಂಡಂತೆ ಕಾಣುತ್ತದೆ. ನೋಡಿದ ಎಲ್ಲರೂ ಕಾರಣ ಹೇಳಲಾರದಿದ್ದರೂ ಕೈ ಸರಿಯಿಲ್ಲವೆಂದೇ ಹೇಳಿದರು.

ಜೋಡಣೆ ಮಣಿಕಟ್ಟಿನಲ್ಲಿ ಎದ್ದು ಕಾಣುತ್ತದೆ. ಹಿಂದೆ ಕಫ್ ಇದ್ದಾಗ ಅದರ ನೆರಳು ಮಣಿಕಟ್ಟಿನ ಕೆಳಗೆ ತೆಳುವಾದ ಕಪ್ಪು ಗೆರೆಯಾಗಿ ಬಿದ್ದಿತ್ತು; ಕಫ್ ತೆಗೆದವರು ಅದರ ನೆರಳನ್ನು ತೆಗೆಯಲು ಮರೆತಿದ್ದಾರೆ. ಆ ಗೆರೆಯ ಕೆಳಗೆ ಬಿಸಿಲಿಗೆ ಕಂದಿದ ಕೈ, ಮೇಲೆ ಎರಡು ಪಟ್ಟು ತಿಳಿಯಾದ ಮುಂಗೈ. ಪೂರ್ಣತೋಳು ತೊಡುವವರ ಮುಂಗೈ ಅಂಗೈಯ ಹಿಂಬದಿಗಿಂತ ಸ್ವಲ್ಪ ತಿಳಿಯಾಗಿರುವುದು ನಿಜ, ಆದರೆ ಈ ಯುವಕನಲ್ಲಿ ಆ ವ್ಯತ್ಯಾಸ ಎಷ್ಟಿದೆ, ಎಲ್ಲಿಂದ ಎಲ್ಲಿಗೆ ಕರಗುತ್ತದೆ ಎಂಬುದನ್ನು ಊಹಿಸುವ ಅಗತ್ಯವೇ ಇರಲಿಲ್ಲ. ಅರ್ಧತೋಳಿನ ಚಿತ್ರದಿಂದ ಆತನದೇ ಮುಂಗೈಯನ್ನು ತೆಗೆದುಕೊಂಡು, ಮಣಿಕಟ್ಟಿನ ಮೂಳೆಯನ್ನು ಮೂಲದ ಮೂಳೆಯ ಮೇಲೆ ಕೂರಿಸಿ, ಅಳತೆ ಹೊಂದಿಸಿ, ಮಡಚಿದ ತೋಳಿನ ಪದರದ ಅಡಿಯಲ್ಲಿ ಇಟ್ಟಿದ್ದರೆ ಬಣ್ಣ, ರೋಮದ ದಿಕ್ಕು, ಚಿತ್ರದ ಸಣ್ಣ ಕಣಗಳ ವಿನ್ಯಾಸ, ಎಡಬದಿಯಿಂದ ಬಿದ್ದ ಸಂಜೆಯ ಬಿಸಿಲು ಎಲ್ಲವೂ ತಾವಾಗಿಯೇ ಹೊಂದುತ್ತಿದ್ದವು. ಆಮೇಲೆ ಉಳಿಯುತ್ತಿದ್ದುದು ಪಟ್ಟಿಯ ನೆರಳು: ಅಂಚಿಗೆ ತಾಗಿದಂತೆ ಕಿರಿದಾದ ಗಾಢ ನೆರಳೊಂದು, ಅದರಾಚೆ ಒಳಬದಿಗೆ ಹರಡುವ ಮೃದುವಾದ ಇನ್ನೊಂದು. ಅವೆರಡೂ ಇಲ್ಲದ ಕಾರಣ ತೋಳು ಕೈಯ ಮೇಲೆ ಕೂರದೆ ತೇಲುತ್ತಿದೆ.

ಅಂಗಿಯ ತೋಳು ಕೈಗಿಂತ ಅಗಲವಾದುದರಿಂದ, ತೋಳು ತೆಗೆದಾಗ ಮುಂಗೈಯ ಎರಡೂ ಬದಿಯಲ್ಲಿ ಮುಚ್ಚಿಹೋಗಿದ್ದ ಗೋಡೆಯೂ ತೆರೆದುಕೊಳ್ಳುತ್ತದೆ. ಅಲ್ಲಿ ಮುರಕಲ್ಲಿನ ಒಂದೇ ರಂಧ್ರವನ್ನು ಪದೇ ಪದೇ ನಕಲು ಮಾಡಲಾಗಿದೆ, ಕಲ್ಲುಗಳ ನಡುವಿನ ಗಾರೆಯ ಗೆರೆ ಕೈಯ ಒಂದು ಬದಿಯಲ್ಲಿ ಕೆಳಗಿದ್ದು ಇನ್ನೊಂದು ಬದಿಯಲ್ಲಿ ಮೇಲಿದೆ.

ಇನ್‌ಶರ್ಟ್ ವಿಷಯದಲ್ಲಿ ಇಷ್ಟೇ ಹೇಳುತ್ತೇನೆ. ಅಂಗಿಯ ಕೆಳ ಅಂಚು ತೊಡೆಯ ಮೇಲೆ ಬೀಳಿಸಿದ್ದ ನೆರಳು ಇನ್ನೂ ಪ್ಯಾಂಟಿನ ಮೇಲಿದೆ. ಬೆಲ್ಟಿನೊಳಗೆ ಅಡಗಬೇಕಿದ್ದ ಕೆಳಗಿನ ಗುಂಡಿಯನ್ನು ಉಳಿಸಿಕೊಳ್ಳಲು ಗುಂಡಿಗಳ ನಡುವಿನ ಅಂತರವನ್ನೇ ಕುಗ್ಗಿಸಲಾಗಿದೆ. ಗುಂಡಿಪಟ್ಟಿ, ಬೆಲ್ಟಿನ ಬಕಲ್ ಮತ್ತು ಪ್ಯಾಂಟಿನ ಜಿಪ್ ಒಂದೇ ಸಾಲಿಗೆ ಬಂದಿಲ್ಲ. ಸೊಂಟದ ಬಳಿ ಬಟ್ಟೆ ಸ್ವಲ್ಪ ಉಬ್ಬಿ ಬೆಲ್ಟಿನ ಮೇಲೆ ಬಾಗುವ ಬದಲು ಕಾಗದದ ಹಾಗೆ ಚಪ್ಪಟೆಯಾಗಿದೆ.

ದೂರವಾಣಿಯಲ್ಲಿ ತಮ್ಮ ಸಿಬ್ಬಂದಿ, ಮೊಬೈಲಿನಲ್ಲಿ ನೋಡಿದರೆ ಇದಾವುದೂ ತಿಳಿಯುವುದಿಲ್ಲ ಎಂದು ಉತ್ತರಿಸಿದರು. ಈ ಚಿತ್ರ ಮೊಬೈಲಿಗಲ್ಲ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಫಲಕಕ್ಕೆ ಎಂದು ಬೇಡಿಕೆಯ ಪತ್ರದಲ್ಲಿಯೇ ಬರೆದಿದ್ದೆ. ಆ ಫಲಕದಲ್ಲಿ ಯುವಕನ ಆಕೃತಿ ಆಳಿಗಿಂತ ದೊಡ್ಡದಾಗಿರುತ್ತದೆ. ಚಿತ್ರವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ, ಮೇಲೆ ಅಲೆಯಾಗಿ ಬಾಗಿಸಿದ ಕರ್ವ್ಸ್ ಪದರವೊಂದನ್ನು ಹಾಕಿ ನೋಡಿದ್ದರೆ ಮಣಿಕಟ್ಟಿನ ಜೋಡಣೆ ಬಣ್ಣದ ಕಲೆಯಾಗಿ ಎದ್ದು ಕಾಣುತ್ತಿತ್ತು. ಆ ಪರೀಕ್ಷೆಗೆ ಒಂದು ನಿಮಿಷವೂ ಬೇಡ.

ಆದ್ದರಿಂದ, ನಾನು ಕಳುಹಿಸಿದ ಆಧಾರ ಚಿತ್ರಗಳನ್ನೇ ಬಳಸಿ, ಮುಂಗೈ, ಮಡಿಕೆಯ ಪಟ್ಟಿ, ನೆರಳುಗಳು ಹಾಗೂ ಗೋಡೆಯನ್ನು ಬೇರೆ ಬೇರೆ ಪದರಗಳಲ್ಲಿಟ್ಟು, ಹೆಚ್ಚುವರಿ ಶುಲ್ಕವಿಲ್ಲದೆ ಈ ಕೆಲಸವನ್ನು ಮತ್ತೆ ಮಾಡಿಕೊಡಬೇಕೆಂದು ಕೋರುತ್ತೇನೆ. ಫಲಕ ಮುದ್ರಣಕ್ಕೆ ಹೋಗಬೇಕಾದ ದಿನ ತಮಗೆ ತಿಳಿದಿದೆ. ಅದಕ್ಕೆ ಒಂದು ವಾರ ಮೊದಲು ಚಿತ್ರ ನನ್ನ ಕೈ ಸೇರಬೇಕು. ಅದು ಸಾಧ್ಯವಿಲ್ಲವಾದರೆ ಮುಂಗಡವಾಗಿ ಪಡೆದ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಈ ಸ್ಟುಡಿಯೋವನ್ನು ನಾನೊಬ್ಬನೇ ಜೀವನೋಪಾಯಕ್ಕಾಗಿ ನಡೆಸುತ್ತಿರುವುದರಿಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಗ್ರಾಹಕನೇ ಆಗುತ್ತೇನೆ ಎಂಬುದು ನನ್ನ ತಿಳಿವಳಿಕೆ. ತಮ್ಮಿಂದ ಲಿಖಿತ ಉತ್ತರ ಬಾರದಿದ್ದರೆ ಸೇವಾ ನ್ಯೂನತೆಯ ದೂರನ್ನು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸುತ್ತೇನೆ.

ತಪ್ಪುಗಳಿರುವ ಜಾಗಗಳನ್ನು ಗುರುತಿಸಿದ ಪ್ರತಿಯನ್ನೂ ಆಧಾರ ಚಿತ್ರಗಳನ್ನೂ ಮತ್ತೊಮ್ಮೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)
ಕುಂಬಳೆ