ಒಂದು ಪದ ಬಿಟ್ಟೋದ್ರೆ ಅಂತ ಹೆದರಿರೋ ಪುಟ್ಟಿಗೆ

ಪುಟ್ಟಿಗೆ ಅತ್ತೆ ಮಾಡೋ ಆಶೀರ್ವಾದ.

ಮನೆ ಕಡೆ ವಿಷಯ ಎಲ್ಲ ನಿಂಗೆ ಗೊತ್ತೇ ಇದೆ, ಅದನ್ನ ಮತ್ತೆ ಬರೆಯಲ್ಲ. ನಿನ್ನ ಕಾಗದದಲ್ಲಿ ಕೊನೇಲಿ ಒಂದು ಸಾಲು ಬರ್ದಿದ್ದೀಯಲ್ಲ, ಅದು ನನ್ನ ಎರಡು ದಿನದಿಂದ ಬಿಡ್ತಾ ಇಲ್ಲ. "ಫಾರ್ಮಕೊಕೈನೆಟಿಕ್ಸ್‌ದು 86 ಸ್ಲೈಡ್ ಒಂದು ಹಾಳೆಗೆ ಇಳಿಸ್ತಾ ಇದೀನಿ ಅತ್ತೆ, ಯಾವ್ದಾದ್ರೂ ಒಂದು ಡೆಫಿನಿಷನ್ ಕೈತಪ್ಪಿ ಹೋಗಿ ಪರೀಕ್ಷೆಲಿ ಅದೇ ಬಂದ್ರೆ ಏನ್ ಮಾಡ್ಲಿ, ನಿದ್ದೆ ಬರ್ತಿಲ್ಲ" ಅಂತ. ಫೋನ್ ಮಾಡೋಣ ಅನ್ಕೊಂಡೆ, ಆದ್ರೆ ಫೋನಲ್ಲಿ ನಾನು ಇದನ್ನ ಸರಿಯಾಗಿ ಹೇಳಲ್ಲ, ಬರ್ದೇ ಹೇಳ್ಬೇಕು.

ಹಂಗೇ ಆಗಿದೆ ಕಣೆ ನಂಗೆ. 1986ರಲ್ಲಿ, ಡಿ.ಫಾರ್ಮ್ ಮಾಡ್ತಿದ್ದಾಗ. ಆಗ ಸ್ಲೈಡ್ ಎಲ್ಲಿತ್ತು, ಓಎಚ್‌ಪಿ ಶೀಟ್ ಹಾಕ್ತಿದ್ರು, ನಾವು ಓಡಿ ಓಡಿ ಬರ್ಕೊಳ್ತಿದ್ವಿ. ನಾನೂ ನಿನ್ನ ಹಂಗೇ ಎಲ್ಲ ಒಂದು ರೂಲ್ಡ್ ಹಾಳೇಲಿ ಕೂರಿಸ್ಬೇಕು ಅಂತ ಹಟ ಹಿಡ್ದೆ. ಬಯೋಅವೈಲಬಿಲಿಟಿ ಡೆಫಿನಿಷನ್ ಒಂದು ಸಾಲಲ್ಲಿ ಹಿಡಿಸ್ಲಿಲ್ಲ, ಅದಕ್ಕೆ ಒಂದು ಪದ ಬಿಟ್ಟೆ. "ಕೊಟ್ಟ ಡೋಸಲ್ಲಿ ಸಿಸ್ಟಮಿಕ್ ಸರ್ಕ್ಯುಲೇಷನ್‌ಗೆ ತಲುಪೋ ಭಾಗ" ಅಂತ ಬರ್ದೆ. ಇದ್ದಿದ್ದು "ಅನ್‌ಚೇಂಜ್ಡ್ ರೂಪದಲ್ಲಿ ತಲುಪೋ ಭಾಗ" ಅಂತ. ವೈವಾದಲ್ಲಿ ಎಕ್ಸ್‌ಟರ್ನಲ್ ಬಂದವ್ರು ಕೇಳಿದ್ರು, ಪ್ರೊಪ್ರನೊಲಾಲ್ ಮಾತ್ರೆ ಕರುಳಲ್ಲಿ ಹೆಚ್ಚುಕಮ್ಮಿ ಪೂರ್ತಿ ಹೀರ್ಕೊಳ್ಳುತ್ತಮ್ಮ, ಹಂಗಾದ್ರೆ ಅದರ ಬಯೋಅವೈಲಬಿಲಿಟಿ ನೂರಕ್ಕೆ ನೂರಾ? ನನ್ನ ಹಾಳೆ ಪ್ರಕಾರ ಹೌದು. ಹೌದು ಅಂದೆ. ಆದ್ರೆ ಅದು ಲಿವರ್ ದಾಟೋವಾಗ್ಲೇ ಬಹುಪಾಲು ಮುರಿದು ಹೋಗುತ್ತೆ, ಬದಲಾಗದೆ ರಕ್ತಕ್ಕೆ ಬರೋದು ಸುಮಾರು ಕಾಲು ಭಾಗ. ಅದೇ ಫಸ್ಟ್ ಪಾಸ್, ಆ ಡೆಫಿನಿಷನ್ನೂ ನನ್ನ ಹಾಳೇಲಿ ಎರಡು ಸಾಲು ಕೆಳಗೇ ಇತ್ತು, ಆದ್ರೆ ಮೇಲಿನದ್ರಲ್ಲಿ ಒಂದು ಪದ ಇಲ್ಲದ್ದಕ್ಕೆ ಎರಡೂ ಒಂದಕ್ಕೊಂದು ಸಂಬಂಧ ಇಲ್ಲದ ಹಂಗೆ ಕೂತಿದ್ವು.

ಅದಕ್ಕೇ ಹೇಳ್ತೀನಿ, ನಿನ್ನ ಭಯ ತಪ್ಪಲ್ಲ, ಆದ್ರೆ ಅದು ಸ್ವಲ್ಪ ಪಕ್ಕದ ಜಾಗ ನೋಡ್ತಾ ಇದೆ ಅನ್ಸುತ್ತೆ. ಇಡೀ ಡೆಫಿನಿಷನ್ ಬಿಟ್ಟೋದ್ರೆ ನಿಂಗೆ ಗೊತ್ತಾಗುತ್ತೆ, ಅಲ್ಲಿ ಖಾಲಿ ಕಾಣುತ್ತೆ. ಒಳಗಿನ ಒಂದು ಪದ ಬಿಟ್ಟೋದ್ರೆ ಏನೂ ಕಾಣಲ್ಲ, ಸಾಲು ಓದೋಕೆ ಚೆನ್ನಾಗೇ ಇರುತ್ತೆ.

ನೀನು ಕಳಿಸಿದ ಪಿಪಿಟಿ ನಿಮ್ಮ ಮಾವನ ಲ್ಯಾಪ್‌ಟಾಪಲ್ಲಿ ತೆಗೆದು ಕೂತೆ. ಫಾರ್ಮಕೊಕೈನೆಟಿಕ್ಸ್ ನೋಡಿ ಎಷ್ಟು ವರ್ಷ ಆಯ್ತೋ, ಕೌಂಟರಲ್ಲಿ ಮಾತ್ರೆ ಕೊಡೋವಾಗ ಇದ್ಯಾವ್ದೂ ಬಾಯಿಗೆ ಬರೋ ಪದ ಅಲ್ಲ. ಒಂದು ಪೆನ್ನು ತಗೊಂಡು ಸುಮ್ನೆ ಸ್ಲೈಡ್ ನಂಬರ್ ಮತ್ತೆ ಅದರ ಮೇಲಿರೋ ಡೆಫಿನಿಷನ್ ಹೆಸರು ಮಾತ್ರ ಬರ್ಕೊಂಡೆ, ಡೆಫಿನಿಷನ್ ಅಲ್ಲ, ಬರೀ ಹೆಸರು. ಅಬ್ಸಾರ್ಪ್ಷನ್, ಬಯೋಅವೈಲಬಿಲಿಟಿ, ಕ್ಲಿಯರೆನ್ಸ್, ಹಾಫ್ ಲೈಫ್, ಹಿಂಗೆ. 19 ಸಿಕ್ತು. ಆಮೇಲೆ ಕೊನೆ ಸ್ಲೈಡಿಂದ ಹಿಂದಕ್ಕೆ ಬಂದೆ, ಆಗ 20 ಆಯ್ತು. ಇಪ್ಪತ್ತನೇದು ಎಲ್ಲಿತ್ತು ಗೊತ್ತಾ, ಗ್ರಾಫ್ ಒಳಗೆ. ಬಣ್ಣ ಹಾಕಿರೋ ಜಾಗದಲ್ಲಿ ಸಣ್ಣಕ್ಕೆ AUC ಅಂತ ಬರ್ದಿದ್ರು, ಅದು ಏನು ಅಂತ ಬೇರೆ ಸ್ಲೈಡಲ್ಲಿ ಎಲ್ಲೂ ಹೇಳಿಲ್ಲ, ಚಿತ್ರದ ಕೆಳಗೇ ಒಂದು ಸಾಲಿತ್ತು. ಮುಂದಿಂದ ಓದೋವಾಗ ಕಥೆ ಜೊತೆ ಹೋಗ್ಬಿಡ್ತೀವಿ, ಹಿಂದಿಂದ ಬಂದ್ರೆ ಒಂದೊಂದು ಸ್ಲೈಡೂ ಒಂಟಿಯಾಗಿ ಕಾಣುತ್ತೆ. ನೀನೂ ಹಿಂಗೆ ಮಾಡ್ಬಹುದೇನೋ. ನಿಮ್ಮ ಕಾಲದ ವಿಧಾನ ಬೇರೆ ಇದ್ರೆ ಅದೇ ಮಾಡು, ನಾನು ಹೇಳ್ದೆ ಅಂತ ಅಲ್ಲ.

ಆದ್ರೆ ಆ ಪಟ್ಟಿ ಮಾಡೋದ್ರಿಂದ ಒಂದು ಉಪಯೋಗ ಆಯ್ತು. 86 ಅಂದ್ರೆ ಎದೆ ಧಸಕ್ ಅನ್ನುತ್ತೆ, 20 ಅಂದ್ರೆ ಅನ್ನಲ್ಲ. ಒಂದೊಂದಕ್ಕೆ ಎರಡು ಸಾಲು ಅಂದ್ರೂ 40 ಸಾಲು, ಎ4 ಹಾಳೇಲಿ ಸಣ್ಣಕ್ಕೆ ಬರೆದ್ರೆ ಹಿಡಿಸುತ್ತೆ. ಬಾಕಿ ಸ್ಲೈಡೆಲ್ಲ ಚಿತ್ರ, ಉದಾಹರಣೆ, ಹೇಳಿದ್ದನ್ನೇ ಮತ್ತೆ ಹೇಳಿರೋದು. ನಿಮ್ಮ ಸರ್ ಹಾಫ್ ಲೈಫ್ ಎರಡು ಕಡೆ ಹೇಳಿದಾರೆ. ಮೊದಲ ಕಡೆ "ಔಷಧಿ ಅರ್ಧ ಆಗೋ ಸಮಯ" ಅಂತಷ್ಟೇ ಇದೆ, ಎಷ್ಟೋ ಸ್ಲೈಡ್ ಆದ್ಮೇಲೆ "ಪ್ಲಾಸ್ಮಾ ಕಾನ್ಸಂಟ್ರೇಷನ್ ಅರ್ಧಕ್ಕೆ ಇಳಿಯೋಕೆ ಬೇಕಾದ ಸಮಯ" ಅಂತ ಇದೆ. ಎರಡರಲ್ಲಿ ತುಂಬಿರೋದನ್ನ ಇಟ್ಕೋ, ಮೊದಲು ಬಂದಿದ್ದು ಅಂತ ಚಿಕ್ಕದನ್ನ ಇಟ್ಕೋಬೇಡ.

ಮತ್ತೆ ಅದೇ ವಿಷಯಕ್ಕೆ ಬರ್ತೀನಿ, ಕ್ಷಮಿಸು, ಅದು ನನ್ನ ಬಿಡ್ತಾ ಇಲ್ಲ. ಒಳಗಿನ ಪದ. ಯಾವ ಪದ ಬಿಡ್ಬಹುದು ಯಾವ್ದು ಬಿಡ್ಬಾರ್ದು ಅಂತ ಹೆಂಗೆ ಗೊತ್ತಾಗುತ್ತೆ ಅಂತ ನಂಗೆ ಯಾರೂ ಹೇಳ್ಕೊಡ್ಲಿಲ್ಲ, ಕೆಲಸಕ್ಕೆ ಸೇರಿದ್ಮೇಲೆ ಹೊಳೀತು. ಆ ಪದದ ಮೇಲೆ ಬೆರಳಿಟ್ಟು ಮುಚ್ಚು, ಉಳಿದಿದ್ದು ಓದು, ಈಗ ಯಾವ್ದಾದ್ರೂ ತಪ್ಪು ಉತ್ತರ ಒಳಗೆ ನುಸುಳುತ್ತಾ ನೋಡು. ನುಸುಳಿದ್ರೆ ಆ ಪದ ಇರ್ಲೇಬೇಕು. ಕ್ಲಿಯರೆನ್ಸ್ ತಗೋ. ನಿನ್ನ ಸ್ಲೈಡಲ್ಲಿ "ಒಂದು ನಿರ್ದಿಷ್ಟ ಸಮಯದಲ್ಲಿ ಔಷಧಿಯಿಂದ ಪೂರ್ತಿ ಮುಕ್ತ ಆಗೋ ಪ್ಲಾಸ್ಮಾದ ವಾಲ್ಯೂಮ್" ಅಂತ ಇದೆ. ನೀನು ಕಳಿಸಿರೋ ಅರ್ಧ ಹಾಳೇಲಿ "ಒಂದು ನಿಮಿಷಕ್ಕೆ ದೇಹದಿಂದ ಹೋಗೋ ಔಷಧಿ" ಅಂತ ಬರ್ದಿದ್ದೀಯ. ಓದೋಕೆ ಸಲೀಸು, ಆದ್ರೆ ವಾಲ್ಯೂಮ್ ಹೋಯ್ತು ನೋಡು. ನಿಂದು ಮಿಲಿಗ್ರಾಂ ಆಯ್ತು, ಅವ್ರದ್ದು ಮಿಲಿಲೀಟರ್. ಯೂನಿಟ್ ಬರ್ದಿದ್ರೆ ತಕ್ಷಣ ಗೊತ್ತಾಗ್ತಿತ್ತು, ಅದಕ್ಕೆ ಪ್ರತಿ ಡೆಫಿನಿಷನ್ ಪಕ್ಕ ಯೂನಿಟ್ ಬರಿ, ಎರಡಕ್ಷರದ ಜಾಗ, ಆದ್ರೆ ತಪ್ಪು ತಾನೇ ಕೂಗಿ ಹೇಳುತ್ತೆ.

ವಾಲ್ಯೂಮ್ ಆಫ್ ಡಿಸ್ಟ್ರಿಬ್ಯೂಷನ್ನಲ್ಲೂ ಅಷ್ಟೇ. "ಅಪರೆಂಟ್" ಅನ್ನೋ ಪದ ನೀನು ಹೊಡೆದು ಹಾಕಿದ್ದೀಯ. ಡಿಗಾಕ್ಸಿನ್‌ಗೆ ಅದು ಸುಮಾರು 500 ಲೀಟರ್ ಬರುತ್ತೆ, ಮನುಷ್ಯನ ಮೈಲಿ ಪ್ಲಾಸ್ಮಾ ಇರೋದೇ ಸುಮಾರು 3 ಲೀಟರ್, 500 ಲೀಟರ್ ಎಲ್ಲಿ ಹಿಡಿಸುತ್ತೆ ಹೇಳು. ನಿಜವಾದ ಜಾಗ ಅಲ್ಲ ಅದು, ದೇಹದಲ್ಲಿರೋ ಔಷಧಿ ಪೂರ್ತಿ ಪ್ಲಾಸ್ಮಾದಲ್ಲಿರೋ ಕಾನ್ಸಂಟ್ರೇಷನ್‌ನಲ್ಲೇ ಹರಡ್ಬೇಕು ಅಂದ್ರೆ ಎಷ್ಟು ದ್ರವ ಬೇಕಾಗ್ತಿತ್ತು ಅನ್ನೋ ಲೆಕ್ಕ. ಆ ಒಂದು ಪದ ಇಲ್ದೆ ಇದ್ರೆ ಅದು ಇಲ್ಲದಿರೋ ಪಾತ್ರೆ ಅಂತ ಪರೀಕ್ಷೆಲಿ ನೆನಪಾಗಲ್ಲ.

ಇನ್ನು ಜಾಗ ಎಲ್ಲಿ ಉಳಿಸ್ಬಹುದು ಅಂತ ನೀನು ಕೇಳಿದ್ದೆಯಲ್ಲ. ಹಾಫ್ ಲೈಫ್ ಬಗ್ಗೆ ನಾಲ್ಕೈದು ಸ್ಲೈಡಿದೆ, ಅದನ್ನೆಲ್ಲ ಈ ಒಂದು ಸಾಲು ಹಿಡಿಯುತ್ತೆ:

```
t½ = 0.693 × Vd / CL
```

ನಾನು ಕೂತು ಒಂದು ಲೆಕ್ಕ ಹಾಕ್ದೆ. Vd 42 ಲೀಟರ್, ಕ್ಲಿಯರೆನ್ಸ್ ಗಂಟೆಗೆ 6 ಲೀಟರ್ ಅನ್ಕೋ, ಹಾಫ್ ಲೈಫ್ 4.85 ಗಂಟೆ ಬರುತ್ತೆ. ಒಂದೇ ಡೋಸ್‌ನ್ನ ಒಂದೇ ಅಂತರದಲ್ಲಿ ಕೊಡ್ತಾ ಹೋದ್ರೆ ಸ್ಟೆಡಿ ಸ್ಟೇಟ್‌ಗೆ ನಾಲ್ಕೈದು ಹಾಫ್ ಲೈಫ್ ಬೇಕು, ಅಂದ್ರೆ ಹತ್ತಿರ ಹತ್ತಿರ ಒಂದು ದಿನ. ನಾಲ್ಕು ಡೆಫಿನಿಷನ್ ಒಂದೇ ಲೆಕ್ಕದಲ್ಲಿ ಕೈ ಹಿಡ್ಕೊಂಡ್ವು. ಆದ್ರೆ ಸೂತ್ರ ಇದೆ ಅಂತ ಆ ನಾಲ್ಕರ ಡೆಫಿನಿಷನ್ ಅಳಿಸ್ಬೇಡ, ಎರಡು ಮಾರ್ಕಿಗೆ "ಡಿಫೈನ್" ಅಂತ ಕೇಳಿದ್ರೆ ಸೂತ್ರ ಬರೆಯೋಕಾಗಲ್ಲ. ಮತ್ತೆ ಸೂತ್ರದ ಪಕ್ಕ "ಫಸ್ಟ್ ಆರ್ಡರ್‌ಗೆ ಮಾತ್ರ" ಅಂತ ಹಾಕು. ಫಸ್ಟ್ ಆರ್ಡರಲ್ಲಿ ಪ್ರತಿ ಗಂಟೆ ಹೋಗೋದು ಒಂದೇ ಭಾಗ, ಜೀರೋ ಆರ್ಡರಲ್ಲಿ ಒಂದೇ ಪ್ರಮಾಣ. ಫೆನಿಟೋಯಿನ್ ಡೋಸ್ ಜಾಸ್ತಿ ಆದಾಗ ಜೀರೋ ಆರ್ಡರ್ ಕಡೆ ವಾಲುತ್ತೆ, ಆಗ ಹಾಫ್ ಲೈಫ್ ಅನ್ನೋದು ಒಂದೇ ನಂಬರ್ ಆಗಿ ನಿಲ್ಲಲ್ಲ, ಈ ಸೂತ್ರ ಅಲ್ಲಿ ಕೈ ಕೊಡುತ್ತೆ. ಭಾಗ, ಪ್ರಮಾಣ, ಈ ಎರಡು ಪದ ಅದಲು ಬದಲಾದ್ರೆ ಇಡೀ ಸಾಲೇ ತಲೆಕೆಳಗು.

ಇಷ್ಟೆಲ್ಲ ಬರೆದೆ, ಆದ್ರೆ ನಂಗೆ ನಿದ್ದೆ ಕೆಡ್ಸಿದ್ದು ವೈವಾ ಅಲ್ಲ ಪುಟ್ಟಿ. ಇದನ್ನ ನಿಮ್ಮಪ್ಪಂಗೂ ಹೇಳಿಲ್ಲ. ಆ ಹಾಳೆ ಚೆನ್ನಾಗಿದೆ ಅಂತ ಹಾಸ್ಟೆಲಲ್ಲಿ ನನ್ನ ರೂಮ್‌ಮೇಟ್ ಕೈಯಲ್ಲಿ ಕಾಪಿ ಮಾಡ್ಕೊಂಡಿದ್ಲು. ಅವಳು ಪಾಠ ಎಲ್ಲ ಓದಿದ್ದವಳೇ, ಆದ್ರೆ ಹಿಂದಿನ ರಾತ್ರಿ ನನ್ನ ಹಾಳೇನೇ ನಂಬಿದ್ಲು. ನನ್ನ ವೈವಾ ಮಧ್ಯಾಹ್ನ ಮುಗೀತು, ಅವಳದ್ದು ಮಾರನೇ ದಿನ. ಒಂದು ಪದ ಬಿಟ್ಟೋಗಿದೆ ಸೇರಿಸ್ಕೋ ಅಂತ ಹೇಳೋಕೆ ನಂಗೆ ಒಂದಿಡೀ ರಾತ್ರಿ ಇತ್ತು. ನಾಚಿಕೆ ಆಗಿ ಹೇಳ್ಲಿಲ್ಲ. ಅವಳಿಗೂ ಅದೇ ಪ್ರಶ್ನೆ ಬಂತಂತೆ. ಆಮೇಲೆ ಅವಳು ನನ್ನ ಬೈಲೂ ಇಲ್ಲ, ಅವಳು ತಾನೇ ಮರ್ತೆ ಅನ್ಕೊಂಡಿದ್ಲು.

ಅದಕ್ಕೆ ನಿನ್ನ ಹಾಳೆ ಮುಗಿದ್ಮೇಲೆ ಫೋಟೋ ತೆಗೆದು ಗ್ರೂಪಿಗೆ ಹಾಕೋಕೆ ಮುಂಚೆ ಒಂದು ರಾತ್ರಿ ತಡಿ. ಪ್ರತಿ ಡೆಫಿನಿಷನ್ ಮುಂದೆ ಸ್ಲೈಡ್ ನಂಬರ್ ಬರ್ದಿಡು, ಮಾರನೇ ದಿನ ಹಾಳೆ ಮತ್ತೆ ಸ್ಲೈಡ್ ಅಕ್ಕಪಕ್ಕ ಇಟ್ಟು ಒಂದೊಂದೇ ಪದ ಹೋಲಿಸ್ತಾ ಹೋಗು, ನೆನಪಿಂದ ಅಲ್ಲ, ಕಣ್ಣಿಂದ. ನೀನು ಬರೆದಿದ್ದನ್ನ ನೀನೇ ಓದ್ದಾಗ ಬಿಟ್ಟ ಪದಾನ ಮನಸ್ಸು ತಾನೇ ಸೇರಿಸ್ಕೊಂಡು ಓದ್ಬಿಡುತ್ತೆ, ಅದಕ್ಕೆ ಸಾಧ್ಯ ಆದ್ರೆ ಬೇರೆಯವ್ರ ಕೈಲಿ ಓದಿಸು. ಯಾರೂ ಸಿಗ್ಲಿಲ್ಲ ಅಂದ್ರೆ ನಂಗೆ ಕಳ್ಸು, ನನ್ನ 20 ಹೆಸರಿನ ಪಟ್ಟಿ ಇಲ್ಲೇ ಮೇಜಿನ ಮೇಲಿದೆ, ಸ್ಲೈಡ್ ತೆಗೆದಿಟ್ಕೊಂಡು ಟಿಕ್ ಹಾಕ್ತಾ ಹೋಗ್ತೀನಿ. ಬಯೋಅವೈಲಬಿಲಿಟಿ ಸಾಲು ಮಾತ್ರ ಮೊದಲು ನೋಡ್ತೀನಿ.

ಊಟ ಬಿಡ್ಬೇಡ.

ನಿನ್ನ ಅತ್ತೆ